ಕಚೇರಿಯ ಕಾಗದ ಓದಿಸಲು ಕ್ಲೌಡೋ, ಕಂಪ್ಯೂಟರೋ?

ತಾಲ್ಲೂಕು ಕೇಂದ್ರದ ಒಂದು ವಕೀಲರ ಕಚೇರಿಯನ್ನು ತೆಗೆದುಕೊಳ್ಳೋಣ. ಇಬ್ಬರು ವಕೀಲರು, ಒಬ್ಬ ಗುಮಾಸ್ತ, ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್. ಬೀರುವಿನಲ್ಲಿ ಸುಮಾರು 4,000 ಪುಟಗಳ ವಾದಪತ್ರ, ಕ್ರಯಪತ್ರ, ಪಹಣಿ, ತೀರ್ಪಿನ ಪ್ರತಿಗಳು. ಸ್ಕ್ಯಾನ್ ಮಾಡಿದರೆ ಇವು ಬರೀ ಚಿತ್ರಗಳು; ಕಕ್ಷಿದಾರರ ಹೆಸರು ಟೈಪಿಸಿ ಹುಡುಕಿದರೆ ಏನೂ ಸಿಗದು. ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವುದು ಓಸಿಆರ್ ಕೆಲಸ. ಪುಟಗಳನ್ನು ಕ್ಲೌಡ್ ಸೇವೆಗೆ ಕಳಿಸಿ ಓದಿಸಬಹುದು, ಇಲ್ಲವೇ ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಇಂಟರ್‌ನೆಟ್ ಇಲ್ಲದೆಯೇ ಓದಿಸಬಹುದು.

ಕ್ಲೌಡ್ ಎಂದರೆ ದುಬಾರಿ ಎಂಬ ಭಯ ಇಲ್ಲಿ ಬೇಡ. ಗೂಗಲ್ ಕ್ಲೌಡ್ ವಿಷನ್‌ನ ಪ್ರಕಟಿತ ದರದಂತೆ ತಿಂಗಳಿಗೆ ಮೊದಲ 1,000 ಪುಟ ಉಚಿತ, ಆಮೇಲೆ ಪ್ರತಿ 1,000 ಪುಟಕ್ಕೆ ಒಂದೂವರೆ ಡಾಲರ್. ನಮ್ಮ 4,000 ಪುಟಕ್ಕೆ ನಾಲ್ಕೂವರೆ ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೂ ತೆರಿಗೆ ಬಿಟ್ಟು 405 ರೂಪಾಯಿ. ನಿಜವಾದ ಖರ್ಚು ತಿದ್ದುವುದರಲ್ಲಿದೆ. ಪುಟಕ್ಕೆ 1,500 ಅಕ್ಷರ ಎಂದುಕೊಳ್ಳಿ. ನೂರಕ್ಕೆ 98 ಸರಿಯಿದ್ದರೂ ಪುಟಕ್ಕೆ 30 ತಪ್ಪು. ಅವನ್ನು ತಿದ್ದಲು ಐದು ನಿಮಿಷ ಬೇಕಾದರೆ ಇಡೀ ರಾಶಿಗೆ 333 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ ಗುಮಾಸ್ತರ ನಲವತ್ತಕ್ಕೂ ಹೆಚ್ಚು ದಿನ. ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಪಠ್ಯ ಹುಡುಕುವುದಕ್ಕೋ, ಮತ್ತೆ ಬಳಸಿಕೊಳ್ಳುವುದಕ್ಕೋ? ಹುಡುಕುವುದಕ್ಕಾದರೆ ತಿದ್ದುವ ಅಗತ್ಯವೇ ಇಲ್ಲ. ಒಂದು ಹೆಸರು ದಾವೆಯಲ್ಲಿ ಹತ್ತು ಕಡೆ ಬಂದಿರುತ್ತದೆ, ಎಂಟು ಕಡೆ ಸರಿಯಾಗಿ ಓದಿದರೂ ಕಡತ ಸಿಗುತ್ತದೆ.

ಕನ್ನಡದ ವಿಷಯದಲ್ಲಿ ಕಂಪನಿಯ ಹೆಸರು ನೋಡಿ ನಂಬುವಂತಿಲ್ಲ. ಅಮೆಜಾನ್‌ನ ಟೆಕ್ಸ್‌ಟ್ರ್ಯಾಕ್ಟ್ ಇಂಗ್ಲಿಷ್ ಮತ್ತು ಕೆಲವು ಯುರೋಪಿನ ಭಾಷೆಗಳಿಗಾಗಿ ಮಾಡಿದ್ದು. ಕನ್ನಡದ ಕಚೇರಿಗೆ ಅದು ಒದಗದು. ಗೂಗಲ್‌ನ ಸೇವೆ ಮತ್ತು ಟೆಸೆರಾಕ್ಟ್ ಎರಡೂ ಅಚ್ಚಾದ ಕನ್ನಡವನ್ನು ಓದುತ್ತವೆ. ಎಡವುವುದು ಒತ್ತಕ್ಷರದಲ್ಲಿ, ದ–ಧ, ಬ–ಭಗಳಂಥ ಸಣ್ಣ ಸೀಳಿನ ವ್ಯತ್ಯಾಸದಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಅರ್ಕಾವತ್ತಿನಲ್ಲಿ. ಅರ್ಕಾವತ್ತು ಕನ್ನಡದ ಒಂಬತ್ತರಂತೆಯೇ ಕಾಣುವುದರಿಂದ ‘ಸರ್ವೆ’ ಎಂಬುದು ‘ಸವೆ೯’ ಎಂದಾಗಬಹುದು. ಕಣ್ಣಿಗೆ ಸರಿಯೇ ಅನ್ನಿಸುತ್ತದೆ, ಆದರೆ ಹುಡುಕಿದರೆ ಸಿಗುವುದಿಲ್ಲ. ಹಾಗೆಯೇ ಅನುಸ್ವಾರ ಸೊನ್ನೆಯಾಗುತ್ತದೆ. ಅಕ್ಷರ ತಪ್ಪಿದರೆ ಓದುವವರು ಊಹಿಸಿಕೊಳ್ಳಬಹುದು. ಸರ್ವೆ ನಂಬರಿನ ಅಂಕಿ ತಪ್ಪಿದರೆ ಬೇರೆಯವರ ಜಮೀನಾಗುತ್ತದೆ. ಅಂಕಿಗಳನ್ನು ಮಾತ್ರ ಯಾವ ಸಾಧನ ಓದಿದ್ದರೂ ಮೂಲ ಚಿತ್ರದೊಂದಿಗೆ ತಾಳೆ ನೋಡಲೇಬೇಕು.

ಗೋಪ್ಯತೆಯ ವಿಚಾರಕ್ಕೆ ಬಂದರೆ ನನಗೆ ಹೆಚ್ಚು ಆತಂಕ ಹಣ ಕೊಟ್ಟು ಬಳಸುವ ಸೇವೆಯ ಬಗ್ಗೆಯಲ್ಲ. ಗೂಗಲ್ ಡ್ರೈವ್‌ಗೆ ಪುಟ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪುಕ್ಕಟೆಯಾಗಿ ಪಠ್ಯ ಸಿಗುತ್ತದೆ. ಆ ಖಾತೆ ಗುಮಾಸ್ತರ ಸ್ವಂತ ಜಿಮೇಲ್ ಆಗಿದ್ದರೆ, ಅವರು ಕೆಲಸ ಬಿಟ್ಟ ಮೇಲೂ ವಿಚ್ಛೇದನದ ಅರ್ಜಿ, ಆಧಾರ್ ಪ್ರತಿ, ಆಸ್ತಿ ಪತ್ರ ಅಲ್ಲೇ ಉಳಿಯುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದರೂ ದತ್ತಾಂಶದ ಹೊಣೆ ಅದನ್ನು ಸಂಗ್ರಹಿಸಿದವರದೇ. ಕಕ್ಷಿದಾರರು ನಂಬಿ ಕೊಟ್ಟ ಕಾಗದ ಕಚೇರಿಯ ಹೊರಗೆ ಹೋಗದಿರುವುದೇ ಒಳ್ಳೆಯದು.

ಹಾಗಾಗಿ ಈ ಕಚೇರಿಗೆ ನನ್ನ ಸಲಹೆ ಇಷ್ಟು. ಕಕ್ಷಿದಾರರ ಕಡತಗಳಿಗೆ ಟೆಸೆರಾಕ್ಟ್ ಸಾಕು. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಟೆಸೆರಾಕ್ಟ್ ಜೊತೆ ಕೆಲಸ ಮಾಡುವ ಒಸಿಆರ್‌ಮೈಪಿಡಿಎಫ್ ಎಂಬ ಉಚಿತ ಸಾಧನಕ್ಕೆ ಕನ್ನಡದ ಭಾಷಾ ಕಡತ ಸೇರಿಸಿ, ಹೀಗೆ ಆಜ್ಞೆ ಕೊಡಬೇಕು:

```
ocrmypdf -l kan+eng --deskew dave.pdf dave-text.pdf
```

ಪುಟ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ, ವಾರೆಯಿದ್ದರೆ ನೇರವಾಗುತ್ತದೆ, ಅದರ ಹಿಂದೆ ಹುಡುಕಬಹುದಾದ ಪಠ್ಯ ಕೂತಿರುತ್ತದೆ. ಆಜ್ಞೆ ಬೇಡವೆನ್ನುವವರಿಗೆ ಇದೇ ಟೆಸೆರಾಕ್ಟ್ ಬಳಸುವ ಜಿಇಮೇಜ್‌ರೀಡರ್ ಇದೆ. ಹೇಗಿದ್ದರೂ ಹಬೆ ಹಿಡಿದ ಹಳೆ ಝೆರಾಕ್ಸ್‌ಗಳಲ್ಲಿ ತಪ್ಪು ಹೆಚ್ಚುತ್ತದೆ.

ಪ್ರಕಟವಾದ ತೀರ್ಪಿನಂಥ ಸಾರ್ವಜನಿಕ ಕಾಗದದಿಂದ ಉದ್ದದ ಭಾಗ ಎತ್ತಿಕೊಳ್ಳಬೇಕಾದಾಗ ಕ್ಲೌಡ್ ಬಳಸಿ, ಆದರೆ ಕಚೇರಿಯ ಹೆಸರಿನ ಖಾತೆಯಿಂದ. ಯಾವುದು ಮೇಲು ಎಂಬುದನ್ನು ನಿಮ್ಮದೇ ಕಾಗದ ಹೇಳಬೇಕು. ಹಳೆ ಟೈಪ್, ಹೊಸ ಪ್ರಿಂಟ್, ಮಾಸಿದ ಪ್ರತಿ ಹೀಗೆ ಬಗೆಬಗೆಯ ಹತ್ತು ಪುಟ ಆರಿಸಿ, ಅವುಗಳಲ್ಲಿ ಖಾಸಗಿ ವಿವರ ಇಲ್ಲದಂತೆ ನೋಡಿಕೊಂಡು, ಎರಡು ಕಡೆಯೂ ಓದಿಸಿ ತಪ್ಪು ಎಣಿಸಿ. ಹೆಸರು ಮತ್ತು ಅಂಕಿಯ ತಪ್ಪನ್ನು ಬೇರೆಯಾಗಿ ಗುರುತು ಹಾಕಿಕೊಳ್ಳಿ.

ಕೈಬರಹದ ಹಳೆ ಕ್ರಯಪತ್ರಗಳನ್ನು ಈ ಪರೀಕ್ಷೆಗೆ ಸೇರಿಸಬೇಡಿ. ಟೆಸೆರಾಕ್ಟ್ ಅದಕ್ಕಾಗಿ ತಯಾರಾದದ್ದಲ್ಲ, ಕ್ಲೌಡ್ ಓದಿದ್ದನ್ನೂ ಹಾಗೇ ನಂಬುವಂತಿಲ್ಲ. ಅವನ್ನು ಸ್ಕ್ಯಾನ್ ಮಾಡಿ, ಊರು, ಸರ್ವೆ ನಂಬರು, ವರ್ಷ, ಕೊಂಡವರ ಹೆಸರು ಇಷ್ಟನ್ನು ಕಡತದ ಹೆಸರಾಗಿ ಕೈಯಿಂದಲೇ ಟೈಪಿಸಿಟ್ಟರೆ ಬೇಕಾದಾಗ ಸಿಗುತ್ತವೆ.