ಗೇಟಿನ ಬೀಗ ಕೆಟ್ಟರೆ ದೂರು ಹೀಗಿರಲಿ

ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನ ಬೀಗ ಕೆಟ್ಟಿದೆ, ರಾತ್ರಿ ಪಾಳಿಯ ವಾಚ್‌ಮನ್ ಬರುತ್ತಿಲ್ಲ. ಇದನ್ನು ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ ಹತ್ತು ಜನ ಹೌದೆನ್ನುತ್ತಾರೆ, ಹೊಣೆ ಯಾರ ಮೇಲೂ ಬೀಳುವುದಿಲ್ಲ. ಸಂಘದ ಕಾರ್ಯದರ್ಶಿಗೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದೊಂದಿಗೆ ಸಹಿ ಹಾಕಿಸಿಕೊಳ್ಳಿ.

‘ಭದ್ರತೆ ಸರಿಯಿಲ್ಲ’ ಎಂದಷ್ಟೇ ಬರೆದರೆ ಸಾಲದು. ‘ಸೋಮವಾರ ರಾತ್ರಿ 11ಕ್ಕೆ ಹಿಂದಿನ ಗೇಟಿಗೆ ಬೀಗ ಬೀಳುತ್ತಿರಲಿಲ್ಲ, ಚಿಲಕದ ಕೊಂಡಿ ಬಾಗಿದೆ, ಫೋಟೊ ಲಗತ್ತಿಸಿದೆ’ ಎಂದರೆ ವೆಲ್ಡರ್ ಬೇಕೆಂದು ಓದಿದವರಿಗೆ ತಿಳಿಯುತ್ತದೆ. ಕೊಂಡಿ ಬಾಗಿದ್ದರೆ ಹೊಸ ಬೀಗ ತಂದೂ ಪ್ರಯೋಜನವಿಲ್ಲ. ರಿಪೇರಿಯಾಗುವವರೆಗೆ ಸರಪಳಿ ಹಾಕಿ ಬೀಗ ಜಡಿಯಲು ಅದೇ ಪತ್ರದಲ್ಲಿ ಕೇಳಿ. ಆದರೆ ಬೆಂಕಿ ಬಿದ್ದಾಗ ಜನ ಹೊರಬರುವ ದಾರಿ ಅದೇ ಆಗಿದ್ದರೆ ಬೀಗ ಹಾಕಿಸಬೇಡಿ, ಅಲ್ಲಿ ಕಾವಲಿಗೆ ಒಬ್ಬರನ್ನು ಕೇಳಿ.

ವಾಚ್‌ಮನ್ ಬಗ್ಗೆ ಬರೆಯುವ ಮುನ್ನ ಹಾಜರಿ ಪುಸ್ತಕ ನೋಡಿ. ಆತ ರಜೆಯಲ್ಲಿದ್ದರೆ ಬದಲಿಯವರನ್ನು ಕಳಿಸುವ ಹೊಣೆ ಸಾಮಾನ್ಯವಾಗಿ ಏಜೆನ್ಸಿಯದು. ಬಡ ನೌಕರನನ್ನು ದೂರುವುದು ಅನ್ಯಾಯ. 2005ರ ಕೇಂದ್ರ ಕಾಯ್ದೆಯಂತೆ ಖಾಸಗಿ ಭದ್ರತಾ ಏಜೆನ್ಸಿಗೆ ಪರವಾನಗಿ ಕಡ್ಡಾಯ, ಅದರ ಪ್ರತಿಯನ್ನೂ ಕೇಳಿ. ಬೀಗವನ್ನು ಯಾರೋ ಬೇಕೆಂದೇ ಒಡೆದಂತೆ ಕಂಡರೆ ಮಾತ್ರ ಏನನ್ನೂ ಮುಟ್ಟದೆ ಮೊದಲು 112ಕ್ಕೆ ಕರೆ ಮಾಡಿ.