ಔಷಧದ ಫೋಟೊ: ಮೂರೂ ತಾಳೆಯಾಗಬೇಕು

ಹಸುಗಳಿಗೂ ಹಾಕುವ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪನ್ನು ಹಲವು ಕಂಪನಿಗಳು ತಯಾರಿಸುತ್ತವೆ. 2024ರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ರಾಜ್ಯ ಸರ್ಕಾರ ಬಳಕೆ ನಿಲ್ಲಿಸಿದ್ದು ಪಶ್ಚಿಮ್ ಬಂಗಾ ಫಾರ್ಮಾಸ್ಯುಟಿಕಲ್ ಎಂಬ ಕಂಪನಿಯ ಡ್ರಿಪ್ಪನ್ನು. ಹಾಗಾಗಿ ಔಷಧದ ಹೆಸರು ಹೊಂದಿದರಷ್ಟೇ ಸಾಲದು.

ಎರಡನೆಯದಾಗಿ ತಯಾರಕರನ್ನು ನೋಡಿ. 'ಮಾರ್ಕೆಟೆಡ್ ಬೈ' ಎಂದರೆ ಮಾರುವವರು. 'ಮ್ಯಾನುಫ್ಯಾಕ್ಚರ್ಡ್ ಬೈ' ಮುಂದಿರುವ ಹೆಸರೇ ತಯಾರಕರದ್ದು. ಮೂರನೆಯದು ಬ್ಯಾಚ್ ನಂಬರ್. ಒಂದೊಂದೇ ಅಕ್ಷರ ಹೋಲಿಸಿ. ಫೋಟೊದಲ್ಲಿ ಸೊನ್ನೆಯೂ ಇಂಗ್ಲಿಷಿನ 'ಓ' ಅಕ್ಷರವೂ ಒಂದೇ ಥರ ಕಾಣುತ್ತವೆ. ಅನುಮಾನವಿದ್ದರೆ ಬಾಟಲಿಯನ್ನೇ ನೋಡಿ.

ಮೂರೂ ತಾಳೆಯಾದರೆ ಬಳಸಬೇಡಿ; ಬಾಟಲಿ ಎಸೆಯದೆ ಎತ್ತಿಟ್ಟು ಪಶುವೈದ್ಯರಿಗೆ ತಿಳಿಸಿ. ಸೂಚನೆಯಲ್ಲಿ 'ಎಲ್ಲ ಬ್ಯಾಚ್' ಎಂದಿದ್ದರೆ ನಂಬರ್ ಬೇರೆಯಿದ್ದರೂ ಬಳಸಬಾರದು.