ಕ್ಷಮೆಯ ಜೊತೆಗೆ ತಾರೀಖು

ಬೆಳಗಾವಿಯ ಫೌಂಡ್ರಿಯೊಂದು ಪುಣೆಯ ಪಂಪ್ ತಯಾರಕರಿಗೆ 10ನೇ ತಾರೀಖಿಗೆ 500 ಕೇಸಿಂಗ್ ಕೊಡಬೇಕಿತ್ತು ಎನ್ನಿ. ಫರ್ನೇಸ್ ಕೆಟ್ಟು 300 ಮಾತ್ರ ಆಗಿವೆ. ‘ಅನಾನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಇಮೇಲ್ ಹಿಡಿದು ಅಲ್ಲಿನ ಖರೀದಿ ಅಧಿಕಾರಿ ಮಾಡುವುದಾದರೂ ಏನು? ತಮ್ಮ ಜೋಡಣೆ ಕೆಲಸ ನಿಲ್ಲುತ್ತದೋ ಇಲ್ಲವೋ ಎಂಬುದಷ್ಟೇ ಅವರಿಗೆ ಗೊತ್ತಾಗಬೇಕು.

ಪತ್ರ ಹೀಗಿದ್ದರೆ ಅದು ತಿಳಿಯುತ್ತದೆ: ‘ತಡವಾದದ್ದು ನಮ್ಮಿಂದ, ಕ್ಷಮಿಸಿ. ಕೆಟ್ಟಿದ್ದ ಫರ್ನೇಸ್ ದುರಸ್ತಿಯಾಗಿದೆ. 300 ಕೇಸಿಂಗ್ ಇಂದೇ ಲಾರಿಗೆ ಹಾಕಿದ್ದೇವೆ, ನಾಳೆ ತಲುಪುತ್ತವೆ. ಉಳಿದ 200 ಕೇಸಿಂಗ್ 18ರಂದು ನಿಮ್ಮಲ್ಲಿರುತ್ತವೆ. ಅದರ ಲಾರಿ ಬಾಡಿಗೆ ನಮ್ಮದು. ಆ 200ರ ಬೆಲೆಯಲ್ಲಿ ಶೇ 5 ಕಡಿತ.’

ಒಂದಕ್ಕೆ 900 ರೂಪಾಯಿಯಾದರೆ ಕಡಿತ 9,000 ರೂಪಾಯಿ. ಬಿಲ್ ಆಗಲೇ ಹೋಗಿದ್ದರೆ ಅಷ್ಟಕ್ಕೆ ಕ್ರೆಡಿಟ್ ನೋಟ್ ಕಳಿಸಬೇಕು. 18ರ ಬಗ್ಗೆ ಅನುಮಾನವಿದ್ದರೆ 20 ಎಂದೇ ಬರೆಯಿರಿ.